ಜಂಟಿ ಖಾತೆಯ ಸ್ಟೇಟ್‌ಮೆಂಟ್

ಇಬ್ಬರು ಅಥವಾ ಅದಕ್ಕಿಂತ ಹೆಚ್ಚು ಮಂದಿಯ ಹೆಸರಿನಲ್ಲಿರುವ ಬ್ಯಾಂಕ್ ಖಾತೆಯ ಜಮಾ, ಖರ್ಚು ಮತ್ತು ಶಿಲ್ಕನ್ನು ದಿನಾಂಕದ ಕ್ರಮದಲ್ಲಿ ತೋರಿಸುವ ಲೆಕ್ಕಪತ್ರವೇ ಜಂಟಿ ಖಾತೆಯ ಸ್ಟೇಟ್‌ಮೆಂಟ್. ಪಾಸ್‌ಬುಕ್ಕಿನಲ್ಲಿ ಅಚ್ಚಾಗುವುದೂ ಇದೇ ಲೆಕ್ಕ. ಒಬ್ಬರ ಖಾತೆಯ ಸ್ಟೇಟ್‌ಮೆಂಟಿಗೂ ಇದಕ್ಕೂ ಅಂಕಣಗಳಲ್ಲಿ ಏನೂ ವ್ಯತ್ಯಾಸವಿಲ್ಲ. ತೊಡಕು ಇರುವುದೂ ಅಲ್ಲೇ. ಹಲವರು ಹಾಕಿದ ಹಣ, ಹಲವರು ತೆಗೆದ ಹಣ ಎಲ್ಲವೂ ಒಂದೇ ಶಿಲ್ಕಿನಲ್ಲಿ ಬೆರೆತು ಬರುತ್ತವೆ. ಯಾವ ಸಾಲು ಯಾರದೆಂದು ಹೇಳುವ ಅಂಕಣ ಅದರಲ್ಲಿ ಇರುವುದಿಲ್ಲ.

ಈ ಪತ್ರವನ್ನು ಓದುವವರ ಮುಂದೆ ಮೂರು ಪ್ರಶ್ನೆಗಳಿರುತ್ತವೆ. ಖಾತೆಯನ್ನು ನಡೆಸುವ ಅಧಿಕಾರ ಯಾರಿಗಿದೆ? ಈ ನಿರ್ದಿಷ್ಟ ವ್ಯವಹಾರವನ್ನು ಮಾಡಿದವರು ಯಾರು? ಆ ಹಣ ಯಾರದು? ಬ್ಯಾಂಕು ನೇರವಾಗಿ ಉತ್ತರಿಸುವುದು ಮೊದಲನೆಯದಕ್ಕೆ ಮಾತ್ರ. ಎರಡನೆಯದಕ್ಕೆ ಸ್ಟೇಟ್‌ಮೆಂಟಿನಲ್ಲಿ ಸುಳಿವುಗಳು ಸಿಗುತ್ತವೆ. ಮೂರನೆಯದರ ಉತ್ತರವನ್ನು ಖಾತೆದಾರರೇ ದಾಖಲೆಗಳಿಂದ ಕಟ್ಟಿಕೊಳ್ಳಬೇಕು. ಕುಟುಂಬಗಳಲ್ಲಿ ಏಳುವ ಹೆಚ್ಚಿನ ಮನಸ್ತಾಪಗಳು ಒಂದು ಪ್ರಶ್ನೆಯ ಉತ್ತರವನ್ನು ಇನ್ನೊಂದಕ್ಕೆ ಅಂಟಿಸುವುದರಿಂದ ಹುಟ್ಟುತ್ತವೆ. ಈ ಲೇಖನ ಭಾರತದ ಬ್ಯಾಂಕುಗಳ ಉಳಿತಾಯ ಖಾತೆಗೆ ಸೀಮಿತವಾಗಿದೆ.

ನಿರ್ವಹಣಾ ಕ್ರಮ

ಜಂಟಿ ಖಾತೆ ತೆರೆಯುವಾಗ ಅರ್ಜಿಯಲ್ಲಿ ಗುರುತು ಹಾಕುವ ಒಂದು ಚೌಕ ಮುಂದಿನ ಎಲ್ಲವನ್ನೂ ನಿರ್ಧರಿಸುತ್ತದೆ. ಅದನ್ನು ನಿರ್ವಹಣಾ ಕ್ರಮ ಎನ್ನುತ್ತಾರೆ. ಸ್ಟೇಟ್‌ಮೆಂಟಿನ ತಲೆಬರಹದಲ್ಲಿ ಅಥವಾ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಇದು `MOP` ಅಥವಾ `Mode of Operation` ಎಂದು ಕಾಣಿಸಿಕೊಳ್ಳುತ್ತದೆ.

ಕುಟುಂಬಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ‘ಐದರ್ ಆರ್ ಸರ್ವೈವರ್’. ಇಬ್ಬರಲ್ಲಿ ಯಾರೊಬ್ಬರ ಸಹಿಯಾದರೂ ಸಾಕು. ಒಬ್ಬರು ತೀರಿಕೊಂಡರೆ ಉಳಿದವರು ಖಾತೆ ನಡೆಸಬಹುದು. ಮೂವರು ಅಥವಾ ಹೆಚ್ಚು ಮಂದಿಯಿದ್ದರೆ ಇದೇ ಕ್ರಮ ‘ಎನಿವನ್ ಆರ್ ಸರ್ವೈವರ್’ ಆಗುತ್ತದೆ. ‘ಫಾರ್ಮರ್ ಆರ್ ಸರ್ವೈವರ್’ ಕ್ರಮದಲ್ಲಿ ಮೊದಲ ಹೆಸರಿನವರು ಬದುಕಿರುವ ತನಕ ಅವರಿಗೆ ಮಾತ್ರ ಅಧಿಕಾರ. ಎರಡನೆಯವರ ಸರದಿ ಬರುವುದು ಆ ನಂತರ. ‘ಜಾಯಿಂಟ್ಲಿ’ ಎಂದಿದ್ದರೆ ಪ್ರತಿ ಚೆಕ್ಕಿಗೂ ಎಲ್ಲರ ಸಹಿ ಬೇಕು. ಅಂಚೆ ಕಚೇರಿಯಲ್ಲಿ ಹೆಸರುಗಳು ಬೇರೆ: ಎಲ್ಲರೂ ಸೇರಿ ನಡೆಸುವುದು ಜಾಯಿಂಟ್ ಎ, ಯಾರೊಬ್ಬರಾದರೂ ನಡೆಸಬಹುದಾದದ್ದು ಜಾಯಿಂಟ್ ಬಿ.

ಐದರ್ ಆರ್ ಸರ್ವೈವರ್ ಎಂದ ಮಾತ್ರಕ್ಕೆ ಒಬ್ಬರೇ ಎಲ್ಲವನ್ನೂ ಮಾಡಬಹುದು ಎಂದಲ್ಲ. ಹಣ ತೆಗೆಯುವುದು, ಕಳಿಸುವುದು, ಸ್ಟೇಟ್‌ಮೆಂಟ್ ಕೇಳುವುದು ಒಬ್ಬರಿಂದ ಆಗುತ್ತದೆ. ಹೆಸರು ಸೇರಿಸುವುದು, ತೆಗೆಯುವುದು, ನಿರ್ವಹಣಾ ಕ್ರಮವನ್ನೇ ಬದಲಿಸುವುದು ಮುಂತಾದ, ಖಾತೆಯ ಒಪ್ಪಂದವನ್ನೇ ತಿದ್ದುವ ಕೆಲಸಗಳಿಗೆ ಎಲ್ಲರ ಸಹಿಯನ್ನು ಬ್ಯಾಂಕು ಕೇಳುತ್ತದೆ. ಜಂಟಿ ನಿಶ್ಚಿತ ಠೇವಣಿಯಲ್ಲಿ ಈ ಗೆರೆ ಇನ್ನೂ ಸ್ಪಷ್ಟ. ಅವಧಿ ಮುಗಿದ ಮೇಲೆ ಯಾರೊಬ್ಬರಿಗಾದರೂ ಹಣ ಸಿಗುತ್ತದೆ. ಅವಧಿಗೆ ಮುಂಚೆ ಮುರಿಸಬೇಕಾದರೆ, ಬೇರೆ ರೀತಿಯ ಜಂಟಿ ಆದೇಶವನ್ನು ಮೊದಲೇ ಕೊಟ್ಟಿಲ್ಲದಿದ್ದಲ್ಲಿ, ಇಬ್ಬರೂ ಸಹಿ ಹಾಕಬೇಕು.

ಖಾತೆದಾರರಲ್ಲಿ ಜಗಳವಾಗಿ ಒಬ್ಬರು ‘ಇನ್ನು ಮುಂದೆ ಇನ್ನೊಬ್ಬರ ಸಹಿಗೆ ಹಣ ಕೊಡಬೇಡಿ’ ಎಂದು ಲಿಖಿತವಾಗಿ ತಿಳಿಸಿದರೆ, ಬ್ಯಾಂಕು ಸಾಮಾನ್ಯವಾಗಿ ಒಬ್ಬರ ಸಹಿಯ ವ್ಯವಹಾರ ನಿಲ್ಲಿಸಿ ಎಲ್ಲರ ಸಹಿ ಕೇಳತೊಡಗುತ್ತದೆ. ಹಣ ಯಾರದೆಂದು ತೀರ್ಮಾನಿಸಲು ಅದು ಹೋಗುವುದಿಲ್ಲ. ಕೊಡುವುದನ್ನು ತಡೆಯುವುದಷ್ಟೇ ಅದರ ಕೆಲಸ. ಆ ಪತ್ರ ತಲುಪುವ ಮೊದಲೇ ಹೋದ ಹಣಕ್ಕೆ ಬ್ಯಾಂಕು ಹೊಣೆಯಲ್ಲ.

ಹೊರದೇಶದಲ್ಲಿರುವ ಕನ್ನಡಿಗರು ಊರಿನ ತಂದೆತಾಯಿಯರ ಜೊತೆ ಇಡುವ ಖಾತೆಗಳಲ್ಲಿ ಹೆಸರಿಗೂ ಅಧಿಕಾರಕ್ಕೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ. ಅನಿವಾಸಿಯ ಎನ್‌ಆರ್‌ಇ ಖಾತೆಗೆ ಊರಿನಲ್ಲಿರುವ ಹತ್ತಿರದ ಸಂಬಂಧಿಯನ್ನು ಸೇರಿಸಿಕೊಳ್ಳಬಹುದು, ಆದರೆ ಫಾರ್ಮರ್ ಆರ್ ಸರ್ವೈವರ್ ಕ್ರಮದಲ್ಲಿ ಮಾತ್ರ. ಮಗನ ಎನ್‌ಆರ್‌ಇ ಖಾತೆಯ ಪಾಸ್‌ಬುಕ್ಕಿನಲ್ಲಿ ತಾಯಿಯ ಹೆಸರಿದ್ದರೂ, ಅವನು ಅಧಿಕಾರಪತ್ರ ಬರೆದುಕೊಟ್ಟಿಲ್ಲದಿದ್ದರೆ ಆಕೆ ಅದರಿಂದ ಹಣ ತೆಗೆಯಲಾರಳು.

ಯಾರಿಗೆ ಏನು ಕಾಣುತ್ತದೆ

ಬ್ಯಾಂಕಿನ ಕಂಪ್ಯೂಟರಿನಲ್ಲಿ ಖಾತೆ ಬೇರೆ, ಗ್ರಾಹಕ ಬೇರೆ. ಪ್ರತಿ ವ್ಯಕ್ತಿಗೂ ಒಂದು ಗ್ರಾಹಕ ಸಂಖ್ಯೆ ಇರುತ್ತದೆ. ಸ್ಟೇಟ್‌ಮೆಂಟಿನಲ್ಲಿ ಅದು `CIF` ಅಥವಾ `Customer ID` ಎಂದಿರುತ್ತದೆ. ಒಂದು ಜಂಟಿ ಖಾತೆಗೆ ಇಬ್ಬರ ಗ್ರಾಹಕ ಸಂಖ್ಯೆಗಳು ಜೋಡಣೆಯಾಗಿರುತ್ತವೆ, ಆದರೆ ತಲೆಬರಹದಲ್ಲಿ ಸಾಮಾನ್ಯವಾಗಿ ಅಚ್ಚಾಗುವುದು ಮೊದಲ ಖಾತೆದಾರರ ಸಂಖ್ಯೆ, ವಿಳಾಸ, ಮಿಂಚಂಚೆ.

ನೋಡುವ ಹಕ್ಕು ಈ ಜೋಡಣೆಯಿಂದ ಬರುತ್ತದೆ. ಐದರ್ ಆರ್ ಸರ್ವೈವರ್ ಖಾತೆಯಲ್ಲಿ ಇಬ್ಬರೂ ತಮ್ಮತಮ್ಮ ಗ್ರಾಹಕ ಸಂಖ್ಯೆಯಿಂದ ನೆಟ್‌ಬ್ಯಾಂಕಿಂಗ್ ಪಡೆಯಬಹುದು, ಬೇರೆಬೇರೆ ಡೆಬಿಟ್ ಕಾರ್ಡ್ ಪಡೆಯಬಹುದು, ತಮ್ಮತಮ್ಮ ಮೊಬೈಲಿನಲ್ಲಿ ಯುಪಿಐಗೆ ಅದೇ ಖಾತೆಯನ್ನು ಜೋಡಿಸಬಹುದು. ಇಬ್ಬರಿಗೂ ಖಾತೆಯ ಎಲ್ಲ ಸಾಲುಗಳೂ ಕಾಣುತ್ತವೆ. ಒಂದು ಖರ್ಚನ್ನು ಮಾತ್ರ ಇನ್ನೊಬ್ಬರಿಂದ ಮರೆಮಾಡುವ ವ್ಯವಸ್ಥೆ ಇಲ್ಲ. ಆದರೆ ಒಬ್ಬರ ಸ್ವಂತ ಖಾತೆ, ಸಾಲ, ಠೇವಣಿಗಳು ಇನ್ನೊಬ್ಬರಿಗೆ ಕಾಣುವುದಿಲ್ಲ. ಅವು ಬೇರೆ ಗ್ರಾಹಕ ಸಂಖ್ಯೆಯ ಕೆಳಗಿವೆ. ಎಲ್ಲ ಖಾತೆಗಳನ್ನೂ ಒಟ್ಟಿಗೆ ಕೊಡುವ ಕ್ರೋಡೀಕೃತ ಸ್ಟೇಟ್‌ಮೆಂಟನ್ನು ಮನೆಯವರಿಗೆ ಕಳಿಸುವಾಗ ಈ ಗೆರೆ ಅಳಿಸಿಹೋಗುತ್ತದೆ. ಜಂಟಿ ಖಾತೆಯ ಲೆಕ್ಕ ತೋರಿಸಬೇಕಾದರೆ ಆ ಒಂದೇ ಖಾತೆಯ ಸ್ಟೇಟ್‌ಮೆಂಟನ್ನು ತೆಗೆದು ಕೊಡಬೇಕು.

ಜಾಯಿಂಟ್ಲಿ ಖಾತೆಗೆ ಕಾರ್ಡ್ ಕೊಡುವುದಿಲ್ಲ. ನೆಟ್‌ಬ್ಯಾಂಕಿಂಗ್ ಇದ್ದರೂ ಸಾಮಾನ್ಯವಾಗಿ ನೋಡುವುದಕ್ಕೆ ಮಾತ್ರ. ಕಾರಣ ಸರಳ: ಒಂದು ರಹಸ್ಯ ಸಂಖ್ಯೆ ಒತ್ತುವುದು ಒಬ್ಬರ ಸಹಿಗೆ ಸಮ, ಆ ಖಾತೆಗೆ ಒಬ್ಬರ ಸಹಿ ಸಾಲದು.

ಎಸ್‌ಎಂಎಸ್ ವಿಷಯದಲ್ಲಿ ಬ್ಯಾಂಕಿನಿಂದ ಬ್ಯಾಂಕಿಗೆ ರೂಢಿ ಬೇರೆ. ಖಾತೆಗೆ ನೋಂದಾಯಿಸಿದ ಒಂದೇ ಮೊಬೈಲಿಗೆ ಕಳಿಸುವ ಬ್ಯಾಂಕುಗಳಿವೆ. ಆಗ ಎರಡನೆಯವರು ಮಾಡಿದ ಖರ್ಚಿನ ಸಂದೇಶವೂ ಮೊದಲನೆಯವರಿಗೇ ಹೋಗುತ್ತದೆ. ಆದ್ದರಿಂದ ಸಂದೇಶ ಬಂದ ಮೊಬೈಲಿನವರೇ ಹಣ ತೆಗೆದರು ಎಂದು ಹೇಳಲಾಗದು.

ಸಾಲುಗಳ ಓದು

ಸ್ಟೇಟ್‌ಮೆಂಟ್ ಬ್ಯಾಂಕಿನ ಕಡೆಯಿಂದ ಬರೆದ ಲೆಕ್ಕ. ಗ್ರಾಹಕರು ಹಣ ಹಾಕಿದರೆ ಬ್ಯಾಂಕು ಅವರಿಗೆ ಸಾಲಗಾರ ಆಗುತ್ತದೆ. ಹಾಗಾಗಿ ಜಮಾ `Cr` ಎಂದೂ ಖರ್ಚು `Dr` ಎಂದೂ ಬರುತ್ತವೆ. ಕೆಲವು ಬ್ಯಾಂಕುಗಳು ಹಳೆಯ ಲೆಕ್ಕಶಾಸ್ತ್ರದ ಪದ್ಧತಿಯನ್ನು ಉಳಿಸಿಕೊಂಡಿವೆ: `BY` ಎಂದು ಆರಂಭವಾಗುವ ಸಾಲು ಜಮಾ, `TO` ಎಂದು ಆರಂಭವಾಗುವುದು ಖರ್ಚು. `TO TRANSFER` ಎಂದರೆ ಹಣ ಈ ಖಾತೆಯಿಂದ ಹೋಗಿದೆ.

ಎಲ್ಲಕ್ಕಿಂತ ಹೆಚ್ಚು ಮಾಹಿತಿ ಇರುವುದು ವಿವರಣೆಯ ಅಂಕಣದಲ್ಲಿ. ಖಾತೆದಾರರು ಮುಂದೆ ತಾಳೆ ನೋಡಲು ಅನುಕೂಲವಾಗುವಷ್ಟು ವಿವರ ಪಾಸ್‌ಬುಕ್ ಮತ್ತು ಸ್ಟೇಟ್‌ಮೆಂಟಿನಲ್ಲಿ ಇರಬೇಕೆಂದು ರಿಸರ್ವ್ ಬ್ಯಾಂಕು 2017ರಲ್ಲಿ ಸುತ್ತೋಲೆ ಹೊರಡಿಸಿತು. ಹಾಗಿದ್ದರೂ ಅಲ್ಲಿ ಸಿಗುವುದು ಮುಖ್ಯವಾಗಿ ಎದುರು ಪಕ್ಷದ ಗುರುತು: ಹಣ ಯಾರಿಗೆ ಹೋಯಿತು, ಯಾರಿಂದ ಬಂತು ಎಂಬುದು. ಇಬ್ಬರು ಖಾತೆದಾರರಲ್ಲಿ ಕಳಿಸಿದವರು ಯಾರೆಂದು ವಿವರಣೆ ಹೇಳುವುದು ಅಪರೂಪ. ಅದನ್ನು ವ್ಯವಹಾರ ನಡೆದ ಹಾದಿಯಿಂದ ಹುಡುಕಬೇಕು, ಹಾದಿಯಿಂದ ಹಾದಿಗೆ ಸುಳಿವಿನ ಬಲವೂ ಬೇರೆ.

*ಕಾರ್ಡ್.* ಎಟಿಎಂ ಮತ್ತು ಅಂಗಡಿ ಯಂತ್ರದ ಸಾಲುಗಳಲ್ಲಿ (`ATW`, `ATM WDL`, `POS`) ಹಲವು ಬ್ಯಾಂಕುಗಳು ಕಾರ್ಡಿನ ಕೊನೆಯ ನಾಲ್ಕು ಅಂಕಿಗಳನ್ನು ತೋರಿಸುತ್ತವೆ. ಜಂಟಿ ಖಾತೆಯಲ್ಲಿ ಇಬ್ಬರ ಕಾರ್ಡಿನ ಸಂಖ್ಯೆಗಳೂ ಬೇರೆಯಾದ್ದರಿಂದ ಯಾರ ಕಾರ್ಡ್ ಎಂಬುದು ಖಚಿತ. ಯಾರ ಕೈ ಎಂಬುದು ಖಚಿತವಲ್ಲ. ವಯಸ್ಸಾದವರ ಕಾರ್ಡನ್ನು ಮಕ್ಕಳು ಒಯ್ದು ಹಣ ತರುವ ಮನೆಗಳು ಬಹಳ.

*ಚೆಕ್.* ಚೆಕ್ ಪುಸ್ತಕ ಖಾತೆಯದು, ಒಬ್ಬರದಲ್ಲ. ಸ್ಟೇಟ್‌ಮೆಂಟಿನಲ್ಲಿ ಸಂಖ್ಯೆ ಮಾತ್ರ ಇರುತ್ತದೆ. ಸಹಿ ಯಾರದೆಂದು ತಿಳಿಯಲು ಆ ಸಂಖ್ಯೆ ಕೊಟ್ಟು ಪಾವತಿಯಾದ ಚೆಕ್ಕಿನ ಪ್ರತಿಯನ್ನು ಶಾಖೆಯಲ್ಲಿ ಕೇಳಬೇಕು. ಇದು ಎಲ್ಲಕ್ಕಿಂತ ಗಟ್ಟಿ ಸುಳಿವು. ಚೆಕ್ ಅಮಾನ್ಯವಾದ ಪ್ರಕರಣಗಳಲ್ಲಿ ಸಹಿ ಹಾಕದ ಜಂಟಿ ಖಾತೆದಾರರನ್ನು ಆರೋಪಿಯಾಗಿಸಲಾಗದು ಎಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಅಪರ್ಣಾ ಶಾ ಪ್ರಕರಣದಲ್ಲಿ ತೀರ್ಪಿತ್ತಿತು.

*ಯುಪಿಐ.* ಇಲ್ಲಿ ಸುಳಿವು ತೆಳು. ಇಬ್ಬರ ಮೊಬೈಲಿನಿಂದ ಹೋದ ಹಣವೂ `UPI/DR` ಎಂದೇ ಬರುತ್ತದೆ, ಜೊತೆಗೆ ಹಣ ಪಡೆದವರ ಹೆಸರು ಮತ್ತು 12 ಅಂಕಿಗಳ ಉಲ್ಲೇಖ ಸಂಖ್ಯೆ. ಆ 12 ಅಂಕಿಗಳೇ ಕೀಲಿ. ಹಣ ಕಳಿಸಿದ ಮೊಬೈಲಿನ ಆ್ಯಪ್‌ನಲ್ಲಿ ಆ ವ್ಯವಹಾರವನ್ನು ತೆರೆದರೆ ಅದೇ ಸಂಖ್ಯೆ ಸಿಗುತ್ತದೆ, ಇನ್ನೊಬ್ಬರ ಆ್ಯಪ್‌ನಲ್ಲಿ ಸಿಗುವುದಿಲ್ಲ. ಇಬ್ಬರಲ್ಲೂ ಸಿಗದಿದ್ದರೆ ಹಳೆಯ ಫೋನಿನಲ್ಲಿ ಅಥವಾ ಮರೆತ ಬೇರೆ ಆ್ಯಪ್‌ನಲ್ಲಿ ಹುಡುಕಬೇಕು. ಅಲ್ಲೂ ಇಲ್ಲದಿದ್ದರೆ ಬ್ಯಾಂಕಿಗೆ ದೂರು ಕೊಡುವ ವಿಷಯ.

*ಸ್ವಯಂ ಕಡಿತ.* ವಿಮೆ ಕಂತು, ಸಾಲದ ಕಂತು, ಮ್ಯೂಚುವಲ್ ಫಂಡ್‌ಗಳು `ACH D` ಅಥವಾ `NACH` ಎಂದು ಬರುತ್ತವೆ. ಕಡಿತದ ದಿನ ಯಾರೂ ಏನೂ ಮಾಡಿರುವುದಿಲ್ಲ. ಹಿಂದೆ ಎಂದೋ ಸಹಿ ಮಾಡಿದ ಆದೇಶವೇ ಕೆಲಸ ಮಾಡುತ್ತದೆ. ಇಲ್ಲಿ ನೋಡಬೇಕಾದ್ದು ಪಾಲಿಸಿ ಅಥವಾ ಸಾಲ ಯಾರ ಹೆಸರಿನಲ್ಲಿದೆ ಎಂಬುದನ್ನು.

*ನೆಫ್ಟ್, ಆರ್‌ಟಿಜಿಎಸ್ ಜಮಾ.* ಕಳಿಸಿದವರ ಹೆಸರು ಮತ್ತು ಯುಟಿಆರ್ ಸಂಖ್ಯೆ ಇರುತ್ತವೆ. ಯುಟಿಆರ್‌ನ ಮೊದಲ ನಾಲ್ಕು ಅಕ್ಷರಗಳು ಸಾಮಾನ್ಯವಾಗಿ ಕಳಿಸಿದ ಬ್ಯಾಂಕಿನವು. ಬಾಡಿಗೆ, ಸಂಬಳ, ಮಕ್ಕಳು ಕಳಿಸಿದ ಹಣ ಇವುಗಳನ್ನು ಬೇರ್ಪಡಿಸಲು ಇದು ನೆರವಾಗುತ್ತದೆ.

*ನಗದು.* `BY CASH` ಎಂಬ ಜಮಾದಲ್ಲಿ ಹಣದ ಮೂಲ ಸಂಪೂರ್ಣ ಮರೆಯಾಗುತ್ತದೆ. ಜಮಾ ಚೀಟಿಯ ಪ್ರತಿಯನ್ನು ಇಟ್ಟುಕೊಳ್ಳದಿದ್ದರೆ ಕೆಲವು ವರ್ಷಗಳ ನಂತರ ಅದು ಯಾರ ಹಣವೆಂದು ತೋರಿಸುವುದು ಕಷ್ಟ.

ಗುರುತು ಸಿಗದ ಹೆಸರುಗಳೆಲ್ಲ ವಂಚನೆಯಲ್ಲ. ಅಂಗಡಿಯ ಫಲಕದಲ್ಲಿ ಒಂದು ಹೆಸರಿದ್ದು ಬ್ಯಾಂಕ್ ಖಾತೆ ಮಾಲೀಕರ ಹೆಸರಿನಲ್ಲಿರುವುದು ಸಾಮಾನ್ಯ. ಅದೇ ಸಮಯದಲ್ಲಿ, ಅನಧಿಕೃತ ವ್ಯವಹಾರವಿದ್ದರೆ ತಡಮಾಡುವಂತಿಲ್ಲ. 2017ರಲ್ಲಿ ರಿಸರ್ವ್ ಬ್ಯಾಂಕು ರೂಪಿಸಿದ ನಿಯಮದಂತೆ, ಬ್ಯಾಂಕಿನದೂ ಅಲ್ಲದ ಗ್ರಾಹಕರದೂ ಅಲ್ಲದ ಲೋಪದಿಂದ ಹಣ ಹೋಗಿದ್ದು, ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟದ ಹೊಣೆಯಿಲ್ಲ. ಆದರೆ ಅಧಿಕಾರವಿರುವ ಸಹ ಖಾತೆದಾರರು ಇನ್ನೊಬ್ಬರನ್ನು ಕೇಳದೆ ತೆಗೆದ ಹಣ ಈ ಅರ್ಥದಲ್ಲಿ ಅನಧಿಕೃತವಲ್ಲ. ಬ್ಯಾಂಕಿಗೆ ಅದು ಸರಿಯಾದ ಪಾವತಿ; ತಕರಾರು ಖಾತೆದಾರರ ನಡುವಿನದು.

ಹಣ ಯಾರದು

ಖಾತೆಯಲ್ಲಿ ಹೆಸರಿರುವುದರಿಂದ ಹಣದಲ್ಲಿ ಅರ್ಧ ಪಾಲು ಬರುತ್ತದೆ ಎಂಬುದು ವ್ಯಾಪಕ ನಂಬಿಕೆ. ಭಾರತದ ಕಾನೂನು ಹಾಗೆ ಹೇಳುವುದಿಲ್ಲ. ಗುರಾನ್ ದಿತ್ತಾ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ 1928ರಲ್ಲಿ ಕೊಟ್ಟ ತೀರ್ಪು ಇದಕ್ಕೆ ಬುನಾದಿ. ಗಂಡ ತನ್ನ ಹಣವನ್ನು ತನ್ನ ಮತ್ತು ಹೆಂಡತಿಯ ಹೆಸರಿನಲ್ಲಿ, ಇಬ್ಬರಲ್ಲಿ ಯಾರಿಗಾದರೂ ಅಥವಾ ಬದುಕುಳಿದವರಿಗೆ ಸಲ್ಲುವಂತೆ ಠೇವಣಿ ಇಟ್ಟಿದ್ದ. ಅವನ ಮರಣಾನಂತರ ಆ ಹಣ ಹೆಂಡತಿಗೆ ಕೊಟ್ಟ ದಾನವೇ ಎಂಬ ಪ್ರಶ್ನೆ ಎದ್ದಿತು. ಇಂಗ್ಲೆಂಡಿನಲ್ಲಿ ಇಂಥ ಠೇವಣಿಯನ್ನು ಹೆಂಡತಿಗೆ ಕೊಟ್ಟದ್ದೆಂದು ಊಹಿಸುವ ರೂಢಿಯಿದ್ದರೂ, ಭಾರತದಲ್ಲಿ ಹೆಸರು ಸೇರಿಸಿದ ಮಾತ್ರಕ್ಕೆ ದಾನವೆಂದು ಊಹಿಸಲಾಗದು ಎಂದು ನ್ಯಾಯಪೀಠ ಹೇಳಿತು. ದಾನ ಮಾಡುವ ಉದ್ದೇಶವಿತ್ತೆಂದು ಬೇರೆ ಪುರಾವೆಯಿಂದ ತೋರಿಸಬೇಕು.

ಇದರಿಂದ ಓದುವ ವಿಧಾನ ತಿಳಿಯುತ್ತದೆ. ಮೊದಲು ಹುಡುಕಬೇಕಾದ್ದು ಜಮಾಗಳ ಮೂಲ. ಆಮೇಲೆ ಆ ಹಣ ಹಾಕುವಾಗಿನ ಉದ್ದೇಶ. ತಾಯಿಯ ಖರ್ಚಿಗೆಂದು ಮಗ ಕೊಟ್ಟ ಹಣವೇ, ತಾತ್ಕಾಲಿಕವಾಗಿ ಇಟ್ಟ ಹಣವೇ, ಸಾಲವೇ ಎಂಬುದು ಸ್ಟೇಟ್‌ಮೆಂಟಿನಿಂದ ಗೊತ್ತಾಗದು. ಕಳಿಸುವಾಗ ಟಿಪ್ಪಣಿಯ ಜಾಗದಲ್ಲಿ ಎರಡು ಪದ ಬರೆದರೆ ಅದು ಉಲ್ಲೇಖವಾಗಿ ಉಳಿಯುತ್ತದೆ.

ಸಮಪಾಲಿನ ಊಹೆ ಬರುವ ಒಂದು ಸಂದರ್ಭವಿದೆ. ಒಬ್ಬರ ತೆರಿಗೆ ಬಾಕಿಗಾಗಿ ಜಂಟಿ ಖಾತೆಯ ಮೇಲೆ ನೋಟಿಸು ಬಂದಾಗ, ಬೇರೆ ರೀತಿ ಸಾಬೀತಾಗುವವರೆಗೆ ಖಾತೆದಾರರ ಪಾಲು ಸಮವೆಂದು ಭಾವಿಸಲು 1961ರ ಆದಾಯ ತೆರಿಗೆ ಕಾಯ್ದೆಯ 226(3)ನೇ ಕಲಂ ಅವಕಾಶ ಕೊಟ್ಟಿತು. ‘ಬೇರೆ ರೀತಿ ಸಾಬೀತಾಗುವವರೆಗೆ’ ಎಂಬ ಮಾತಿನ ಭಾರವನ್ನು ಹೊರಬೇಕಾದವರು ಖಾತೆದಾರರು. ಸಾಲುಸಾಲಾಗಿ ಪಾಲು ಬರೆದ ಲೆಕ್ಕ ಆಗ ಕೆಲಸಕ್ಕೆ ಬರುತ್ತದೆ.

ಒಂದು ತಿಂಗಳ ಮಾದರಿ

ತುಮಕೂರಿನಲ್ಲಿರುವ ತಾಯಿ ಮೊದಲ ಖಾತೆದಾರರು, ಬೆಂಗಳೂರಿನಲ್ಲಿರುವ ಮಗ ಎರಡನೆಯವರು, ಕ್ರಮ ಐದರ್ ಆರ್ ಸರ್ವೈವರ್ ಎಂದು ಕಲ್ಪಿಸಿಕೊಳ್ಳೋಣ. ಜೂನ್ 1ರ ಶಿಲ್ಕು ₹84,200. ಅದರಲ್ಲಿ ₹60,000 ತಾಯಿಯದು, ₹24,200 ಮಗನದು ಎಂದು ಇಬ್ಬರೂ ಬರೆದಿಟ್ಟುಕೊಂಡಿದ್ದಾರೆ. ಆ ತಿಂಗಳ ಸ್ಟೇಟ್‌ಮೆಂಟ್ ಹೀಗಿದೆ:

```
02-06 NEFT CR SHOP RENT    Cr 28,400  1,12,600
04-06 UPI/DR MEDICALS      Dr  1,850  1,10,750
05-06 ACH D INSURANCE      Dr  6,200  1,04,550
09-06 ATW XXXX4471         Dr 10,000    94,550
12-06 UPI/CR ROOF          Cr 15,000  1,09,550
14-06 CLG CHQ 000217       Dr 40,000    69,550
18-06 UPI/DR (NAME)        Dr  2,360    67,190
30-06 INT PD               Cr    561    67,751
```

ಲೆಕ್ಕ ಬೇರ್ಪಡಿಸುವ ಕ್ರಮ ಇಷ್ಟು: ಪ್ರತಿ ಸಾಲಿನ ಪಕ್ಕದಲ್ಲಿ ತಾಯಿಯ ಶಿಲ್ಕು, ಮಗನ ಶಿಲ್ಕು ಎಂಬ ಎರಡು ಅಂಕಣ ಹಾಕುವುದು. ಎರಡರ ಮೊತ್ತ ಪ್ರತಿ ಸಾಲಿನಲ್ಲೂ ಬ್ಯಾಂಕಿನ ಶಿಲ್ಕಿಗೆ ಸಮವಾಗಬೇಕು. ಸಮವಾಗದ ಸಾಲಿನಲ್ಲೇ ತಪ್ಪಿದೆ, ಹಿಂದಕ್ಕೆ ಹೋಗಿ ಹುಡುಕಬೇಕಾಗಿಲ್ಲ.

ಮೊದಲ ಸಾಲು ತಾಯಿಯ ಮಳಿಗೆಯ ಬಾಡಿಗೆ. ಆಕೆಯ ಶಿಲ್ಕು ₹88,400 ಆಗುತ್ತದೆ. ಎರಡನೆಯದು ಔಷಧಿ ಅಂಗಡಿ. 12 ಅಂಕಿಗಳ ಸಂಖ್ಯೆ ಮಗನ ಮೊಬೈಲಿನಲ್ಲಿ ಸಿಕ್ಕಿತು, ಆದರೆ ಔಷಧಿ ತಾಯಿಯದು. ವ್ಯವಹಾರ ಮಗನದು, ಖರ್ಚು ತಾಯಿಯದು. ಆಕೆಯ ಅಂಕಣದಿಂದ ₹1,850 ಕಳೆದು ₹86,550 ಉಳಿಯುತ್ತದೆ. ಮೂರನೆಯದು ಮಗನ ಹೆಸರಿನ ವಿಮೆ, ಆದ್ದರಿಂದ ಅವನ ಶಿಲ್ಕು ₹18,000ಕ್ಕೆ ಇಳಿಯುತ್ತದೆ. 4471 ತಾಯಿಯ ಕಾರ್ಡ್; ಮನೆಖರ್ಚಿಗೆ ತಾನೇ ತೆಗೆದದ್ದೆಂದು ಆಕೆ ಒಪ್ಪಿದ್ದರಿಂದ ಆಕೆಯ ಶಿಲ್ಕು ₹76,550.

ಜೂನ್ 12ರ ಜಮಾ ಮಗ ತನ್ನ ಸಂಬಳದ ಖಾತೆಯಿಂದ ಹಾಕಿದ್ದು. ಟಿಪ್ಪಣಿಯಲ್ಲಿ ಚಾವಣಿಯ ಮಾತಿದೆ. ಚಾವಣಿ ದುರಸ್ತಿಗೆ ತನ್ನ ಪಾಲು ಸೇರಿಸಲು ಹಾಕಿದ ಹಣ, ದಾನವಲ್ಲ. ಅವನ ಶಿಲ್ಕು ₹33,000. ಎರಡು ದಿನಗಳ ನಂತರ ಗುತ್ತಿಗೆದಾರರಿಗೆ ಕೊಟ್ಟ ₹40,000ದ ಚೆಕ್ಕಿಗೆ ತಾಯಿ ಒಬ್ಬರೇ ಸಹಿ ಹಾಕಿದ್ದಾರೆ. ಆದರೆ ಖರ್ಚನ್ನು ಸಮವಾಗಿ ಹಂಚಿಕೊಳ್ಳುವ ಮಾತಾಗಿತ್ತು. ಸಹಿಯನ್ನು ನೋಡಿ ಪೂರ್ತಿ ತಾಯಿಯ ಲೆಕ್ಕಕ್ಕೆ ಹಾಕಿದರೆ ಆಕೆಗೆ ₹20,000 ನಷ್ಟವಾಗುತ್ತದೆ. ಹಂಚಿದರೆ ತಾಯಿಯದು ₹56,550, ಮಗನದು ₹13,000.

ಜೂನ್ 18ರ ಹೆಸರು ಇಬ್ಬರಿಗೂ ಗೊತ್ತಿರಲಿಲ್ಲ. ಸಂಖ್ಯೆ ಮಗನ ಆ್ಯಪ್‌ನಲ್ಲಿ ಸಿಕ್ಕಿತು. ಪೆಟ್ರೋಲ್ ಬಂಕಿನ ಮಾಲೀಕರ ಸ್ವಂತ ಹೆಸರು ಅದು. ಮಗನ ಶಿಲ್ಕು ₹10,640 ಆಯಿತು.

ಕೊನೆಯ ಸಾಲು ಬಡ್ಡಿ. 2010ರ ಏಪ್ರಿಲ್ 1ರಿಂದ ಉಳಿತಾಯ ಖಾತೆಯ ಬಡ್ಡಿಯನ್ನು ದಿನದಿನದ ಶಿಲ್ಕಿನ ಮೇಲೆ ಲೆಕ್ಕ ಹಾಕಲಾಗುತ್ತಿದೆ. ಇಲ್ಲಿ ದರ ಶೇ. 2.5, ಮೂರು ತಿಂಗಳ 91 ದಿನಗಳ ಸರಾಸರಿ ಶಿಲ್ಕು ₹90,000 ಎಂದಿಟ್ಟುಕೊಂಡರೆ ಬಡ್ಡಿ ₹561 ಬರುತ್ತದೆ. ಅದನ್ನು ಜೂನ್ 30ರ ಶಿಲ್ಕಿನ ಅನುಪಾತದಲ್ಲಿ ಹಂಚಿದರೆ ತಪ್ಪು. ದೊಡ್ಡ ಮೊತ್ತ ಹಾಕಿ ಕೊನೆಯ ವಾರ ತೆಗೆದವರಿಗೆ ಏನೂ ಸಿಗದೆ ಹೋಗುತ್ತದೆ. ಹಂಚಬೇಕಾದ್ದು ಮೂರು ತಿಂಗಳ ಸರಾಸರಿಯ ಮೇಲೆ. ತಾಯಿಯ ಸರಾಸರಿ ₹60,000, ಮಗನದು ₹30,000 ಇದ್ದಲ್ಲಿ ₹374 ಆಕೆಗೆ, ₹187 ಅವನಿಗೆ. ತಿಂಗಳ ಕೊನೆಗೆ ತಾಯಿಯ ಶಿಲ್ಕು ₹56,924, ಮಗನದು ₹10,827; ಕೂಡಿದರೆ ಬ್ಯಾಂಕಿನ ₹67,751.

ಎಂಟು ಸಾಲುಗಳಲ್ಲಿ ಎರಡರಲ್ಲಿ, ಔಷಧಿ ಮತ್ತು ಚೆಕ್ಕಿನಲ್ಲಿ, ವ್ಯವಹಾರ ಮಾಡಿದವರೂ ಹೊರೆ ಹೊರಬೇಕಾದವರೂ ಒಬ್ಬರೇ ಆಗಿರಲಿಲ್ಲ. ಮಾಡಿದವರು, ಹೊರಬೇಕಾದವರು ಎಂಬ ಎರಡನ್ನೂ ಒಂದೇ ಅಂಕಣದಲ್ಲಿ ಬರೆದಿಟ್ಟರೆ ಲೆಕ್ಕ ಕೂಡಿಬಂದರೂ ಉತ್ತರ ತಪ್ಪಾಗುತ್ತದೆ.

ತೆರಿಗೆಯ ದಾಖಲೆಯಲ್ಲಿ

ಜಂಟಿ ಖಾತೆಯ ಬಡ್ಡಿಯನ್ನು ಬ್ಯಾಂಕುಗಳು ಸಾಮಾನ್ಯವಾಗಿ ಮೊದಲ ಖಾತೆದಾರರ ಪ್ಯಾನ್‌ಗೆ ವರದಿ ಮಾಡುತ್ತವೆ. ಹೀಗಾಗಿ ಮೇಲಿನ ಮಾದರಿಯಲ್ಲಿ ಪೂರ್ತಿ ₹561 ತಾಯಿಯ ವಾರ್ಷಿಕ ಮಾಹಿತಿ ವಿವರಣೆಯಲ್ಲಿ, ಅಂದರೆ `AIS`ನಲ್ಲಿ, ಕಾಣಿಸಿಕೊಳ್ಳುತ್ತದೆ. ತೆರಿಗೆ ಬೀಳಬೇಕಾದ್ದು ಮಾತ್ರ ಹಣ ಯಾರದೋ ಅವರ ಮೇಲೆ. ಆ ವಿವರಣೆಯಲ್ಲಿ ಪ್ರತಿ ಮಾಹಿತಿಗೂ ಪ್ರತಿಕ್ರಿಯೆ ದಾಖಲಿಸುವ ಸೌಲಭ್ಯವಿದ್ದು, ಬೇರೆ ಪ್ಯಾನ್‌ಗೆ ಸೇರಿದ್ದೆಂದು ಅಲ್ಲಿ ಗುರುತಿಸಬಹುದು. ಉಳಿತಾಯ ಬಡ್ಡಿಯ ಮೊತ್ತ ಸಣ್ಣದಾದರೂ, ಇದೇ ರೂಢಿ ಜಂಟಿ ನಿಶ್ಚಿತ ಠೇವಣಿಗೆ ಅನ್ವಯಿಸಿದಾಗ ಮೊದಲ ಹೆಸರಿನವರ ಪ್ಯಾನ್‌ನಲ್ಲಿ ತೆರಿಗೆಯೂ ಕಡಿತವಾಗುತ್ತದೆ. ಹಣ ಎರಡನೆಯವರದಾಗಿದ್ದರೆ ಆ ಕಡಿತವನ್ನು ಅವರ ಹೆಸರಿಗೆ ತೋರಿಸುವಂತೆ ಬ್ಯಾಂಕಿಗೆ ಘೋಷಣೆ ಕೊಡುವ ದಾರಿಯಿದೆ. ಹೆಸರಿನ ಕ್ರಮವನ್ನು ಹಣ ಹಾಕುವವರಿಗೆ ತಕ್ಕಂತೆ ಮೊದಲೇ ಇಟ್ಟರೆ ಈ ತಿದ್ದುಪಡಿಗಳ ಅಗತ್ಯವೇ ಬೀಳದು.

ಒಬ್ಬರ ಮರಣದ ನಂತರ

‘ಸರ್ವೈವರ್’ ಎಂಬ ಷರತ್ತು ಬ್ಯಾಂಕು ಯಾರಿಗೆ ಹಣ ಕೊಟ್ಟು ತನ್ನ ಹೊಣೆ ಕಳೆದುಕೊಳ್ಳಬಹುದು ಎಂಬುದನ್ನು ಹೇಳುತ್ತದೆ. ಬದುಕುಳಿದವರು ಮರಣ ಪ್ರಮಾಣಪತ್ರ ಕೊಟ್ಟು ತಮ್ಮ ಹೆಸರಿಗೆ ಖಾತೆ ಮಾಡಿಸಿಕೊಳ್ಳಬಹುದು. ತೀರಿಕೊಂಡವರ ಹಣದ ಮೇಲೆ ವಾರಸುದಾರರಿಗಿರುವ ಹಕ್ಕು ಅದರಿಂದ ಅಳಿಯುವುದಿಲ್ಲ. ಜಂಟಿ ಖಾತೆಯ ನಾಮಿನಿಯ ಸರದಿ ಬರುವುದು ಎಲ್ಲ ಖಾತೆದಾರರೂ ತೀರಿಕೊಂಡ ಮೇಲೆ. ನಾಮಿನಿ ಕೂಡ ಹಣ ಪಡೆಯುವವರೇ ಹೊರತು ಒಡೆಯರಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ರಾಮ್ ಚಂದರ್ ತಲ್ವಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ಮೇಲಿನ ಮಾದರಿಯ ತಾಯಿ ಜುಲೈ 1ರಂದು ತೀರಿಕೊಂಡರೆಂದು ಭಾವಿಸಿದರೆ, ಬ್ಯಾಂಕು ಪೂರ್ತಿ ₹67,751ನ್ನು ಮಗನಿಗೆ ಕೊಡುತ್ತದೆ, ಅದು ಸರಿಯಾದದ್ದೇ. ಆಕೆಯ ಮಗಳು ಪಾಲು ಕೇಳಬಹುದಾದ ಮೊತ್ತ ಮಾತ್ರ ₹67,751 ಅಲ್ಲ, ಸೊನ್ನೆಯೂ ಅಲ್ಲ, ಅದು ₹56,924. ಆ ಅಂಕಿ ಬ್ಯಾಂಕಿನ ಯಾವ ಪತ್ರದಲ್ಲೂ ಇಲ್ಲ, ಎರಡು ಅಂಕಣದ ಲೆಕ್ಕದಲ್ಲಿದೆ. ಮರಣದ ನಂತರ ತಾಯಿಯ ಕಾರ್ಡಿನಿಂದ ಅಥವಾ ಆಕೆಯ ಮೊಬೈಲಿನಿಂದ ಹಣ ತೆಗೆದರೆ ಉದ್ದೇಶ ಅಂತ್ಯಕ್ರಿಯೆಯ ಖರ್ಚೇ ಆಗಿದ್ದರೂ ಅದು ಅಧಿಕಾರವಿಲ್ಲದ ವ್ಯವಹಾರ. ಬದುಕುಳಿದವರು ತಮ್ಮದೇ ಕಾರ್ಡ್ ಅಥವಾ ಸಹಿ ಬಳಸಬೇಕು.

ದಾಖಲೆಯ ಬಲ ಮತ್ತು ಮಿತಿ

1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆಯಂತೆ ಬ್ಯಾಂಕು ದೃಢೀಕರಿಸಿದ ಸ್ಟೇಟ್‌ಮೆಂಟ್ ಪ್ರತಿ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಲ್ಲುತ್ತದೆ. ಮನೆಯಲ್ಲಿ ಮುದ್ರಿಸಿಕೊಂಡ ಹಾಳೆಗೆ ಆ ಬಲವಿಲ್ಲ. ದೃಢೀಕರಿಸಿದ ಪ್ರತಿಯೂ ವ್ಯವಹಾರ ನಡೆಯಿತು ಎಂಬುದಕ್ಕೆ ಸಾಕ್ಷ್ಯ, ಯಾರ ಸಲುವಾಗಿ ನಡೆಯಿತು ಎಂಬುದಕ್ಕಲ್ಲ. ಅದಕ್ಕೆ ಬಾಡಿಗೆ ಕರಾರು, ವಿಮಾ ರಸೀದಿ, ಚೆಕ್ಕಿನ ಪ್ರತಿ, ಆ್ಯಪ್‌ನ ವಿವರಗಳನ್ನು ಜೊತೆಗಿಡಬೇಕು. ಅಕ್ರಮ ಹಣ ವರ್ಗಾವಣೆ ತಡೆ ಕಾನೂನಿನಂತೆ ಬ್ಯಾಂಕುಗಳು ವ್ಯವಹಾರದ ದಾಖಲೆಗಳನ್ನು ಕನಿಷ್ಠ ಐದು ವರ್ಷ ಇಡಬೇಕು. ಅದಕ್ಕಿಂತ ಹಳೆಯ ಚೆಕ್ಕಿನ ಪ್ರತಿ ಸಿಕ್ಕೇ ಸಿಗುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಪಾಲುಗಳ ಲೆಕ್ಕವನ್ನು ವರ್ಷಕ್ಕೊಮ್ಮೆ, ಮಾರ್ಚ್ 31ರ ಶಿಲ್ಕಿಗೆ ತಾಳೆ ಮಾಡಿ, ಇಬ್ಬರೂ ಸಹಿ ಹಾಕಿಡುವುದು ಉಚಿತ. ಮುಂದಿನ ವರ್ಷದ ಓದು ಆ ಒಪ್ಪಿದ ಅಂಕಿಯಿಂದ ಆರಂಭವಾಗುತ್ತದೆ, ಖಾತೆ ತೆರೆದ ದಿನದಿಂದಲ್ಲ.